ಕಾನೂನು ಕಟ್ಟೆ: ವರದಿಗಿಂತ ಮೊದಲು ಓದಿಸಿಕೊಳ್ಳುವ ಮುಖಪತ್ರ

ಹತ್ತನೆಯ ತರಗತಿಯ ಮಕ್ಕಳಿಗೆ ಪತ್ರಲೇಖನ ಕಲಿಸುವಾಗ ‘ವಿಷಯ’ ಎಂಬ ಒಂದು ಸಾಲನ್ನು ಬರೆಯಿಸುತ್ತೇವೆ. ಅದಕ್ಕೊಂದು ಅಂಕವೂ ಇರುತ್ತದೆ. ಆ ಸಾಲಿನ ನಿಜವಾದ ಬೆಲೆ ಎಷ್ಟು ಎಂಬುದನ್ನು ನಾನು ಒಂದು ಕಡತದಲ್ಲಿ ಕಂಡೆ. ಅದರ ಬೆಲೆ 18,500 ರೂಪಾಯಿ ಆಗಿತ್ತು.

ಬೊಮ್ರಾಸಪೇಟ್ ಕಡೆಯ ಒಬ್ಬ ತಾಯಿ ತಮ್ಮ ಮಗನೊಂದಿಗೆ ನನ್ನ ಕಚೇರಿಗೆ ಬಂದಿದ್ದರು. ತೊಗರಿ ಮಾರಿದ ಹಣ ಅವರ ಉಳಿತಾಯ ಖಾತೆಗೆ ಜಮೆಯಾಗಿ ಕೆಲವೇ ದಿನಗಳಾಗಿದ್ದವು. 2025ರ ಫೆಬ್ರುವರಿ 7, ಶುಕ್ರವಾರ ಸಂಜೆ 7.42ಕ್ಕೆ 10,000 ರೂಪಾಯಿ, 7.44ಕ್ಕೆ 8,500 ರೂಪಾಯಿ ಖಾತೆಯಿಂದ ಹೋಗಿರುವ ಎರಡು ಎಸ್ಸೆಮ್ಮೆಸ್‌ಗಳು ಬಂದವು. ಆ ಹೊತ್ತಿನಲ್ಲಿ ಆಕೆ ಮನೆಯಲ್ಲೇ ಇದ್ದರು. ಹಣ ಹೋಗಿದ್ದು ಎಇಪಿಎಸ್ ಮೂಲಕ, ಅಂದರೆ ಆಧಾರ್ ಸಂಖ್ಯೆ ಹೇಳಿ ಹೆಬ್ಬೆಟ್ಟು ಒತ್ತಿ ಬ್ಯಾಂಕ್ ಮಿತ್ರರ ಬಳಿ ಹಣ ತೆಗೆಯುವ ವ್ಯವಸ್ಥೆಯ ಮೂಲಕ. ಅದಕ್ಕೆ ಒಟಿಪಿ ಬೇಕಿಲ್ಲ, ಎಟಿಎಂ ಕಾರ್ಡೂ ಬೇಕಿಲ್ಲ. ದಾಖಲೆಗಳಲ್ಲಿನ ಬೆರಳಚ್ಚನ್ನು ನಕಲು ಮಾಡಿ ಹೀಗೆ ಹಣ ತೆಗೆದ ಪ್ರಕರಣಗಳು ದೇಶದ ಹಲವೆಡೆ ಪೊಲೀಸ್ ತನಿಖೆಯಲ್ಲಿ ಹೊರಬಿದ್ದಿವೆ.

ಮಗ ಚುರುಕಿನ ಹುಡುಗ. ನಡೆದುದನ್ನೆಲ್ಲ ನಾಲ್ಕು ಪುಟಗಳ ಘಟನಾ ವರದಿಯಾಗಿ ಬರೆದು, ಭಾನುವಾರ ಸಂಜೆ ಬ್ಯಾಂಕಿಗೆ ಇ-ಮೇಲ್ ಮಾಡಿದ್ದ. ವರದಿ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಅದರ ಜೊತೆಗೆ ಹೋದ ಇ-ಮೇಲ್, ನಾವು ಕಚೇರಿಯ ಮಾತಿನಲ್ಲಿ ಮುಖಪತ್ರ ಎನ್ನುವುದು. ವಿಷಯದ ಸಾಲಿನಲ್ಲಿ ‘ತುರ್ತು ವಿನಂತಿ’ ಎಂದಷ್ಟೇ ಇತ್ತು. ಮೊದಲ ಕಂಡಿಕೆಯಲ್ಲಿ ಈ ಬ್ಯಾಂಕಿನೊಂದಿಗೆ ಕುಟುಂಬಕ್ಕಿರುವ ಹಲವು ವರ್ಷಗಳ ಸಂಬಂಧ, ಎರಡನೆಯದರಲ್ಲಿ ತಂದೆಯ ಅನಾರೋಗ್ಯ. ಹಣ ಹೋದ ಮಾತು ಬಂದಿದ್ದು ಮೂರನೆಯ ಕಂಡಿಕೆಯಲ್ಲಿ. ಅಲ್ಲಿಯೂ ದಿನಾಂಕ ಇರಲಿಲ್ಲ, ‘ವಿವರ ಲಗತ್ತಿನಲ್ಲಿದೆ’ ಎಂದಿತ್ತು. ಇ-ಮೇಲ್ ಹೋದ ವಿಳಾಸವೂ ದೂರು ಸ್ವೀಕರಿಸುವ ವಿಳಾಸವಾಗಿರಲಿಲ್ಲ. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಕ್ಕ, ಬೇರೆ ವಿಭಾಗಕ್ಕೆ ಸೇರಿದ ವಿಳಾಸ ಅದು.

ಉತ್ತರ ಬರಲಿಲ್ಲ. ಗುರುವಾರ, ಅಂದರೆ 13ನೆಯ ತಾರೀಖು, ಶಾಖೆಗೆ ಹೋಗಿ ಸರಿಯಾದ ವಿಳಾಸ ಪಡೆದು ಅದೇ ಪತ್ರವನ್ನು ಮತ್ತೆ ಕಳುಹಿಸಿದರು. ಕೆಲವು ದಿನಗಳ ಬಳಿಕ ಬ್ಯಾಂಕಿನ ಉತ್ತರ ಬಂತು: ತಾವು ನಾಲ್ಕನೆಯ ಕೆಲಸದ ದಿನ ತಿಳಿಸಿದ್ದೀರಿ, ಆದ್ದರಿಂದ ನಷ್ಟವನ್ನು ತಾವೇ ಭರಿಸಬೇಕು.

“ವಕೀಲ ಸಾಹೇಬರೇ, ಒಂದು ದಿನಕ್ಕೆ ಇಷ್ಟೊಂದು ದಂಡವೇ?” ಎಂದು ಆ ತಾಯಿ ಕೇಳಿದರು. ಆ ಪ್ರಶ್ನೆಗೆ ಉತ್ತರ ತಿಳಿದರೆ ಮುಖಪತ್ರ ಹೇಗಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೊಂದು, ಖಾತೆದಾರರ ಅನುಮತಿಯಿಲ್ಲದೆ ನಡೆದ ವಿದ್ಯುನ್ಮಾನ ವ್ಯವಹಾರಗಳಲ್ಲಿ ನಷ್ಟ ಯಾರದು ಎಂಬುದನ್ನು ಹೇಳುತ್ತದೆ. ತಪ್ಪು ಬ್ಯಾಂಕಿನದಾದರೆ, ಖಾತೆದಾರರು ತಿಳಿಸಲಿ ಬಿಡಲಿ, ನಷ್ಟ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲದೆ ಖಾತೆದಾರರದೂ ಅಲ್ಲದೆ ವ್ಯವಸ್ಥೆಯ ನಡುವೆ ಎಲ್ಲಿಯೋ ಆಗಿದ್ದರೆ ಮಾತ್ರ ದಿನಗಳ ಲೆಕ್ಕ ಆರಂಭವಾಗುತ್ತದೆ. ಬ್ಯಾಂಕಿನ ಸೂಚನೆ ತಲುಪಿದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಖಾತೆದಾರರ ಹೊಣೆ ಸೊನ್ನೆ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಪ್ರತಿಯೊಂದು ವ್ಯವಹಾರಕ್ಕೂ ಒಂದು ಮಿತಿಯವರೆಗೆ ಹೊಣೆ ಅವರದು. ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ 10,000 ರೂಪಾಯಿ, ಮೂಲಭೂತ ಉಳಿತಾಯ ಖಾತೆಗೆ 5,000 ರೂಪಾಯಿ. ವ್ಯವಹಾರದ ಮೊತ್ತವೇ ಅದಕ್ಕಿಂತ ಕಡಿಮೆಯಿದ್ದರೆ ಆ ಮೊತ್ತವಷ್ಟೇ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ.

ಈಗ ಆ ತಾಯಿಯ ಲೆಕ್ಕ ನೋಡೋಣ. ಸೂಚನೆ ಬಂದ ಶುಕ್ರವಾರವನ್ನು ಎಣಿಸುವಂತಿಲ್ಲ. 8ನೆಯ ತಾರೀಖು ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. 9 ಭಾನುವಾರ. ಎಣಿಕೆ ಶುರುವಾಗುವುದು 10ನೆಯ ತಾರೀಖು ಸೋಮವಾರ. ಮಂಗಳವಾರ ಎರಡನೆಯ ದಿನ, ಬುಧವಾರ ಮೂರನೆಯ ದಿನ. ಬುಧವಾರದೊಳಗೆ ತಿಳಿಸಿದ್ದರೆ ಹೊಣೆ ಸೊನ್ನೆ. ಗುರುವಾರ ತಿಳಿಸಿದರೆ ಮೊದಲ ವ್ಯವಹಾರಕ್ಕೆ 10,000, ಎರಡನೆಯದಕ್ಕೆ ಅದರ ಪೂರ್ಣ ಮೊತ್ತ 8,500. ಅಂದರೆ ಹೋದ ಹಣವೆಲ್ಲ ಹೋದಂತೆಯೇ. ಹೀಗಾಗಿ ಈ ಪ್ರಕರಣದಲ್ಲಿ ಎಲ್ಲವೂ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ: ಬ್ಯಾಂಕಿಗೆ ತಿಳಿಸಿದ್ದು ಯಾವಾಗ?

ಭಾನುವಾರದ ಇ-ಮೇಲ್ ಇತ್ತಲ್ಲ ಎಂದು ಓದುಗರು ಕೇಳಬಹುದು. ಇಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಕಲಮನ್ನು ನೋಡಬೇಕು. ಪಡೆಯುವವರು ಇಂಥದ್ದಕ್ಕೆ ಇದೇ ವಿಳಾಸ ಎಂದು ಗೊತ್ತುಪಡಿಸಿದ್ದರೆ, ಇ-ಮೇಲ್ ಆ ವಿಳಾಸವನ್ನು ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಸಮಯ. ಅವರು ತೆರೆದು ಓದಿದರೋ ಇಲ್ಲವೋ ಎಂಬುದು ಮುಖ್ಯವಲ್ಲ. ಆದರೆ ಅವರದೇ ಆದರೂ ಗೊತ್ತುಪಡಿಸದ ಬೇರೊಂದು ವಿಳಾಸಕ್ಕೆ ಕಳುಹಿಸಿದರೆ, ಅವರು ಅದನ್ನು ತೆಗೆದುಕೊಂಡು ನೋಡಿದಾಗ ಮಾತ್ರ ತಲುಪಿದಂತೆ. ಬೇರೆ ವಿಭಾಗದ ಪೆಟ್ಟಿಗೆಯಲ್ಲಿ ‘ತುರ್ತು ವಿನಂತಿ’ ಎಂಬ ಪತ್ರ ಯಾರೂ ತೆರೆಯದೆ ಬಿದ್ದಿತ್ತು. ಅದರಲ್ಲಿ ಖಾತೆಯ ಸುಳಿವಾಗಲಿ ವಂಚನೆಯ ಮಾತಾಗಲಿ ಇದ್ದಿದ್ದರೆ ಯಾರಾದರೂ ಸರಿಯಾದ ವಿಭಾಗಕ್ಕೆ ದಾಟಿಸಬಹುದಿತ್ತು. ವಿಳಾಸದ ತಪ್ಪನ್ನು ಕೆಲವೊಮ್ಮೆ ವಿಷಯದ ಸಾಲು ಸರಿಪಡಿಸುತ್ತದೆ. ಇಲ್ಲಿ ಆ ಅವಕಾಶವೂ ಇರಲಿಲ್ಲ.

ಹಾಗಾದರೆ ವಿಷಯದ ಸಾಲಿನಲ್ಲಿ ಏನಿರಬೇಕು? ಪತ್ರವನ್ನು ತೆರೆಯದೆಯೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಏನಾಯಿತು, ಯಾವ ಖಾತೆಯಲ್ಲಿ, ಎಷ್ಟು ಮತ್ತು ಯಾವ ದಿನ, ಈಗ ಏನು ಬೇಕು. ಈಗಾಗಲೇ ಫೋನಿನಲ್ಲಿ ದೂರು ಕೊಟ್ಟಿದ್ದರೆ ಅದರ ಸಂಖ್ಯೆಯೂ ಅಲ್ಲಿಯೇ ಇರಬೇಕು. ಆ ಹುಡುಗನಿಗೆ ನಾನು ಬರೆದು ತೋರಿಸಿದ ಸಾಲು ಹೀಗಿತ್ತು. ಖಾತೆಯ ಅಂಕಿಗಳನ್ನು ಇಲ್ಲಿ ಬದಲಿಸಿದ್ದೇನೆ.

ವಿಷಯ: ಅನಧಿಕೃತ ಎಇಪಿಎಸ್ ವಿತ್‌ಡ್ರಾ ರೂ. 18,500, ದಿನಾಂಕ 07-02-2025, ಖಾತೆ ಕೊನೆಯ ಅಂಕಿ 4417, ದೂರು ಸಂಖ್ಯೆ (ಇಲ್ಲಿ ಬರೆಯಿರಿ), ಹಣ ಮರುಜಮೆಗೆ ಕೋರಿಕೆ

ಪದಗಳ ಅನುಕ್ರಮಕ್ಕೆ ಕಾರಣವಿದೆ. ಮೊಬೈಲಿನಲ್ಲಿ ವಿಷಯದ ಸಾಲಿನ ಮೊದಲ ಭಾಗವಷ್ಟೇ ಕಾಣುತ್ತದೆ, ಉಳಿದದ್ದು ಚುಕ್ಕಿಗಳಾಗಿ ಮರೆಯಾಗುತ್ತದೆ. ಆದ್ದರಿಂದ ‘ಅನಧಿಕೃತ’ ಎಂಬ ಪದ ಮೊದಲು ಬರಬೇಕು. ದೂರುಗಳನ್ನು ವಿಂಗಡಿಸುವವರು ಹುಡುಕುವ ಪದ ಅದೇ, ಸುತ್ತೋಲೆಯಲ್ಲಿರುವ ಪದವೂ ಅದೇ. ‘ಮೋಸ’, ‘ಅನ್ಯಾಯ’, ‘ತುರ್ತು’ ಎಂಬ ಪದಗಳು ನಮ್ಮ ಸಂಕಟವನ್ನು ಹೇಳುತ್ತವೆ, ಪತ್ರ ಯಾವ ಮೇಜಿಗೆ ಹೋಗಬೇಕು ಎಂಬುದನ್ನು ಹೇಳುವುದಿಲ್ಲ. ಖಾತೆಯ ಪೂರ್ಣ ಸಂಖ್ಯೆ, ಆಧಾರ್ ಸಂಖ್ಯೆ, ಪಿನ್ ಇವನ್ನು ಇಲ್ಲಿ ಬರೆಯಲೇಬಾರದು. ವಿಷಯದ ಸಾಲು ಹಲವರ ಪರದೆಯ ಮೇಲೆ ತೆರೆದೇ ಇರುತ್ತದೆ, ಕೊನೆಯ ನಾಲ್ಕು ಅಂಕಿ ಸಾಕು.

ಒಮ್ಮೆ ಬರೆದ ವಿಷಯದ ಸಾಲನ್ನು ಮುಂದೆ ಬದಲಿಸಬೇಡಿ. ನೆನಪೋಲೆ ಕಳುಹಿಸುವಾಗ ಹೊಸ ಇ-ಮೇಲ್ ಬರೆಯದೆ, ಮೊದಲಿನದಕ್ಕೇ ಉತ್ತರದ ರೂಪದಲ್ಲಿ ಬರೆಯಿರಿ. ಆಗ ಮೊದಲ ಪತ್ರ ಅದರ ದಿನಾಂಕ, ಸಮಯದೊಂದಿಗೆ ಕೆಳಗೆ ಉಳಿದಿರುತ್ತದೆ. ಜಿಮೇಲ್‌ನಂಥ ವ್ಯವಸ್ಥೆಯಲ್ಲಿ ವಿಷಯ ಬದಲಾದರೆ ಅದು ಬೇರೆಯೇ ಮಾತುಕತೆಯಾಗಿ ಬೇರ್ಪಡುತ್ತದೆ. ಆ ಹುಡುಗ ಗುರುವಾರ ಮಾಡಿದ್ದು ಅದೇ ತಪ್ಪು. ಭಾನುವಾರದ ಪತ್ರವನ್ನು ಮುಂದಕ್ಕೆ ಕಳುಹಿಸುವ ಬದಲು ಹೊಸದಾಗಿ ಬರೆದಿದ್ದರಿಂದ, ಗುರುವಾರದ ಪತ್ರವೇ ಮೊದಲ ಪತ್ರದಂತೆ ಕಂಡಿತು.

ಇನ್ನು ಆರಂಭದ ಸಾಲುಗಳು. ಲಗತ್ತನ್ನು ಯಾರೂ ತೆರೆಯುವುದಿಲ್ಲ ಎಂದುಕೊಂಡೇ ಇವನ್ನು ಬರೆಯಬೇಕು. ಫೋಟೋಗಳ ಗಾತ್ರ ಹೆಚ್ಚಾಗಿ ಲಗತ್ತು ಹೋಗದಿರಬಹುದು, ಅಥವಾ ಅಪರಿಚಿತರ ಲಗತ್ತನ್ನು ತೆರೆಯಬಾರದೆಂಬ ನಿಯಮ ಅವರಿಗಿರಬಹುದು. ಆದರೂ ಪತ್ರ ನಿಲ್ಲಬೇಕು. ನಾನು ಸೂಚಿಸಿದ ಆರಂಭ ಇದು:

‘ಮಾನ್ಯರೇ, ಈ ಪತ್ರವನ್ನು ಖಾತೆದಾರರಾದ ನನ್ನ ತಾಯಿಯವರ ಪರವಾಗಿ, ಅವರ ಅನುಮತಿಯಿಂದ, ಅವರ ಸಮ್ಮುಖದಲ್ಲಿ ಬರೆದು ಕಳುಹಿಸುತ್ತಿದ್ದೇನೆ. ಇದು ಖಾತೆಗೆ ನೋಂದಾಯಿಸಿದ ಇ-ಮೇಲ್ ಅಲ್ಲ. ಖಾತೆಗೆ ನೋಂದಾಯಿಸಿದ ಮೊಬೈಲ್ ತಾಯಿಯವರ ಬಳಿ ಇದೆ, ಅದಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬಹುದು.

07-02-2025, ಶುಕ್ರವಾರ ಸಂಜೆ 7.42ಕ್ಕೆ ರೂ. 10,000 ಮತ್ತು 7.44ಕ್ಕೆ ರೂ. 8,500 ಅವರ ಖಾತೆಯಿಂದ ಎಇಪಿಎಸ್ ಮೂಲಕ ತೆಗೆಯಲ್ಪಟ್ಟಿವೆ. ತಮ್ಮ ಎಸ್ಸೆಮ್ಮೆಸ್ ಸೂಚನೆ ಅದೇ ಸಂಜೆ ತಲುಪಿತು. ಈ ಎರಡೂ ವ್ಯವಹಾರಗಳನ್ನು ಅವರು ಮಾಡಿಲ್ಲ, ಯಾರಿಗೂ ಅನುಮತಿ ನೀಡಿಲ್ಲ. 08-02-2025ರ ಬೆಳಿಗ್ಗೆ ತಮ್ಮ ದೂರವಾಣಿ ಸೇವೆಗೆ ತಿಳಿಸಿ ದೂರು ಸಂಖ್ಯೆ ಪಡೆಯಲಾಗಿದೆ.

ಖಾತೆಯ ಎಇಪಿಎಸ್ ಸೌಲಭ್ಯವನ್ನು ತಡೆಹಿಡಿಯಬೇಕು, ಮೊತ್ತವನ್ನು ನಿಯಮದಂತೆ ಮರುಜಮೆ ಮಾಡಬೇಕು, ಈ ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಸಂಖ್ಯೆ ನೀಡಬೇಕು ಎಂದು ಕೋರುತ್ತೇವೆ. ಲಗತ್ತುಗಳು: ಘಟನಾ ವರದಿ 4 ಪುಟ, ಎಸ್ಸೆಮ್ಮೆಸ್ ಚಿತ್ರಗಳು 2, ಪಾಸ್‌ಬುಕ್ ಪುಟ 1.’

ಮೊದಲ ಕಂಡಿಕೆ ಏಕೆ ಬೇಕು ಎಂದು ಹುಡುಗ ಕೇಳಿದ. ನಮ್ಮ ಮನೆಗಳಲ್ಲಿ ಖಾತೆ ತಾಯಿಯದು, ಇ-ಮೇಲ್ ಮಗನದು ಅಥವಾ ಮಗಳದು. ಬ್ಯಾಂಕಿನ ದೃಷ್ಟಿಯಲ್ಲಿ ಆ ಪತ್ರ ಯಾರೋ ಅಪರಿಚಿತರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೆಯ ಕಲಮು, ಒಬ್ಬರ ಪರವಾಗಿ ಅಧಿಕಾರವುಳ್ಳ ಮತ್ತೊಬ್ಬರು ಕಳುಹಿಸಿದ ವಿದ್ಯುನ್ಮಾನ ದಾಖಲೆಯನ್ನು ಮೂಲ ವ್ಯಕ್ತಿಯದೇ ಎಂದು ಪರಿಗಣಿಸುತ್ತದೆ. ಆದರೆ ಆ ಅಧಿಕಾರವಿದೆ ಎಂಬುದು ಪತ್ರದಲ್ಲಿ ಕಾಣಬೇಕು. ಆ ಎರಡು ಸಾಲು ಇಲ್ಲದಿದ್ದರೆ, ‘ಖಾತೆದಾರರು ನಮಗೆ ತಿಳಿಸಿಯೇ ಇಲ್ಲ’ ಎಂದು ವಾದಿಸಲು ದಾರಿಯಾಗುತ್ತದೆ. ಇಂಟರ್‌ನೆಟ್ ಅಂಗಡಿಯವರ ಇ-ಮೇಲ್‌ನಿಂದ ಕಳುಹಿಸುವುದು ಇನ್ನೂ ಅಪಾಯ, ಕಳುಹಿಸಿದ ಪ್ರತಿ ನಾಳೆ ನಮ್ಮ ಕೈಗೆ ಸಿಗದಿರಬಹುದು.

ಎರಡನೆಯ ಕಂಡಿಕೆಯಲ್ಲಿ ಮೂರು ಸಮಯಗಳಿವೆ: ಹಣ ಹೋದ ಸಮಯ, ಸೂಚನೆ ತಲುಪಿದ ಸಮಯ, ನಾವು ತಿಳಿಸಿದ ಸಮಯ. ಎಣಿಕೆ ಶುರುವಾಗುವುದು ಎರಡನೆಯದರಿಂದ, ನಿಲ್ಲುವುದು ಮೂರನೆಯದರಿಂದ. ಹಣ ಹೋದ ದಿನವನ್ನು ಮಾತ್ರ ಬರೆದು ಸೂಚನೆ ಯಾವಾಗ ಬಂತೆಂದು ಬಿಟ್ಟರೆ, ಎಸ್ಸೆಮ್ಮೆಸ್ ತಡವಾಗಿ ಬಂದವರಿಗೆ ಅನ್ಯಾಯವಾಗುತ್ತದೆ. ಮೊತ್ತವನ್ನೂ ಒಟ್ಟಾಗಿ ಬರೆಯದೆ ಬಿಡಿಬಿಡಿಯಾಗಿ ಬರೆಯಬೇಕು, ಏಕೆಂದರೆ ಹೊಣೆಯ ಮಿತಿ ಇರುವುದು ಪ್ರತಿ ವ್ಯವಹಾರಕ್ಕೆ. ಎಸ್ಸೆಮ್ಮೆಸ್‌ನಲ್ಲಿ ಪ್ರತಿ ವ್ಯವಹಾರಕ್ಕೊಂದು ಉಲ್ಲೇಖ ಸಂಖ್ಯೆಯಿದ್ದರೆ ಅದನ್ನು ಆಯಾ ಮೊತ್ತದ ಪಕ್ಕದಲ್ಲಿಯೇ ಬರೆಯಿರಿ.

ಈ ಸಾಲುಗಳಲ್ಲಿ ಊಹೆಗೆ ಜಾಗವಿಲ್ಲ. ‘ನಿಮ್ಮ ಸಿಬ್ಬಂದಿಯೇ ಮಾಡಿದ್ದಾರೆ’, ‘ಆ ಬ್ಯಾಂಕ್ ಮಿತ್ರನದೇ ಕೈವಾಡ’ ಎಂಬ ಅನುಮಾನಗಳಿದ್ದರೆ ವರದಿಯ ಒಳಗೆ, ಕಾರಣದೊಂದಿಗೆ, ಅನುಮಾನವೆಂದೇ ಬರೆಯಬಹುದು. ಮುಖಪತ್ರದಲ್ಲಿ ತಿಳಿದದ್ದು ಮಾತ್ರ ಇರಲಿ. ಮತ್ತೊಂದು ಕಡೆ, ನಮ್ಮ ತಪ್ಪನ್ನು ಮುಚ್ಚಿಡುವುದೂ ಸಲ್ಲದು. ಯಾರಿಗೋ ಒಟಿಪಿ ಹೇಳಿ ಹಣ ಹೋಗಿದ್ದರೆ ಅದನ್ನು ಹೇಳಿಯೇ ಬರೆಯಬೇಕು. ಅಂಥ ಪ್ರಕರಣದಲ್ಲಿ ತಿಳಿಸುವವರೆಗಿನ ನಷ್ಟ ಖಾತೆದಾರರದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು ಎಂದು ಅದೇ ಸುತ್ತೋಲೆ ಹೇಳುತ್ತದೆ. ಅಲ್ಲಿ ದಿನಕ್ಕಿಂತ ನಿಮಿಷ ಮುಖ್ಯ. ಸುಳ್ಳು ಹೇಳಿದರೆ ಮುಂದೆ ದಾಖಲೆಗಳು ಬಿಚ್ಚಿದಾಗ ನಿಜವಾದ ಮಾತಿಗೂ ಬೆಲೆ ಉಳಿಯುವುದಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. ಗಡಿಯ ಈಚೆ ಬದುಕುವ ನಮಗೆ ಅದು ದಿನವೂ ಎದುರಾಗುತ್ತದೆ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಕೇಂದ್ರ ಅಥವಾ ರಾಜ್ಯದ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಆದರೆ ಮೂರು ದಿನಗಳ ಗಡುವಿನಲ್ಲಿ ಹಕ್ಕನ್ನು ವಾದಿಸುತ್ತ ಕೂರುವಂತಿಲ್ಲ. ದೂರು ತೆರೆಯುವವರು ಹೈದರಾಬಾದಿನಲ್ಲಿರಬಹುದು, ಮುಂಬೈಯಲ್ಲಿರಬಹುದು. ಆದ್ದರಿಂದ ವಿಷಯದ ಸಾಲು ಮತ್ತು ಆರಂಭದ ಸಾಲುಗಳನ್ನು ಇಂಗ್ಲಿಷಿನಲ್ಲಿ ಬರೆದು, ವರದಿಯನ್ನು ನಮಗೆ ಸ್ಪಷ್ಟವಾಗಿ ಹೇಳಲು ಬರುವ ಕನ್ನಡದಲ್ಲಿ ಇಡುವುದು ಒಳ್ಳೆಯ ಉಪಾಯ. ಮೇಲಿನ ಮಾದರಿಯನ್ನು ಗಮನಿಸಿ, ಅದರಲ್ಲಿ ಹೊರೆ ಹೊತ್ತಿರುವುದು ಅಂಕಿಗಳು. ಅವು ಯಾವ ಭಾಷೆಗೆ ಹೋದರೂ ಬದಲಾಗುವುದಿಲ್ಲ. ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಅಷ್ಟನ್ನು ಇಂಗ್ಲಿಷಿಗೆ ತರಬಲ್ಲರು.

ಮುಖಪತ್ರ ಎಷ್ಟೇ ಚೆನ್ನಾಗಿದ್ದರೂ ಅದು ಮೊದಲ ಹೆಜ್ಜೆಯಲ್ಲ. ಮೊದಲು ಬ್ಯಾಂಕಿನ ದೂರವಾಣಿ ಸೇವೆಗೆ ಕರೆ, ಒಡನೆಯೇ 1930ಕ್ಕೆ ಕರೆ, ಆಮೇಲೆ ಅದೇ ದಿನ ಇ-ಮೇಲ್. 1930ಕ್ಕೆ ಹೇಳಿದರೆ ಬ್ಯಾಂಕಿಗೂ ಹೇಳಿದಂತೆ ಎಂದು ಭಾವಿಸಬಾರದು. ದಿನ ಎಣಿಸುವಾಗ ಬ್ಯಾಂಕಿಗೆ ತಿಳಿಸಿದ ದಿನವನ್ನೇ ನೋಡಲಾಗುತ್ತದೆ. ಮರುದಿನ ಶಾಖೆ ತೆರೆದೊಡನೆ ಆ ಇ-ಮೇಲ್‌ನ ಮುದ್ರಿತ ಪ್ರತಿಗೆ ಖಾತೆದಾರರ ಸಹಿ ಹಾಕಿಸಿ ಕೊಟ್ಟು, ನಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಪಡೆಯಬೇಕು.

ಆ ತಾಯಿಯ ಕಡತಕ್ಕೆ ಮರಳುತ್ತೇನೆ. ಬ್ಯಾಂಕಿನ ಉತ್ತರ ಓದಿದ ಮೇಲೆ ನಾನು ಅವರ ಮೊಬೈಲ್ ಕೇಳಿ ಪಡೆದು ಫೆಬ್ರುವರಿಯ ಎಸ್ಸೆಮ್ಮೆಸ್‌ಗಳನ್ನು ಒಂದೊಂದಾಗಿ ನೋಡಿದೆ. 8ನೆಯ ತಾರೀಖು ಬೆಳಿಗ್ಗೆ ಬಂದ ಒಂದು ಸಂದೇಶದಲ್ಲಿ ದೂರು ಸಂಖ್ಯೆ ಇತ್ತು. “ಇದೇನು?” ಎಂದೆ. “ಅವತ್ತು ಮುಂಜಾನೆ ಅವ್ವನ ಖಾತೆ ಬಂದ್ ಮಾಡಿಸಲಿಕ್ಕೆ ಫೋನ್ ಮಾಡಿದ್ದೆ ಸರ್. ಅದು ದೂರು ಅಂತ ನನಗೆ ಅನಿಸಲೇ ಇಲ್ಲ” ಎಂದ ಹುಡುಗ. ಎರಡು ಇ-ಮೇಲ್‌ಗಳಲ್ಲಿಯೂ ನಾಲ್ಕು ಪುಟಗಳ ವರದಿಯಲ್ಲಿಯೂ ಆ ಕರೆಯ ಪ್ರಸ್ತಾಪ ಇರಲಿಲ್ಲ. ಎಣಿಕೆ ಶುರುವಾಗುವುದಕ್ಕೂ ಮುಂಚೆಯೇ ಅವರು ಬ್ಯಾಂಕಿಗೆ ತಿಳಿಸಿಬಿಟ್ಟಿದ್ದರು.

ಆ ಸಂಖ್ಯೆಯನ್ನು ವಿಷಯದ ಸಾಲಿನಲ್ಲಿಟ್ಟು, ಮೇಲಿನ ರೀತಿಯ ಮೂರು ಕಂಡಿಕೆಗಳ ಪತ್ರವನ್ನು ದೂರಿನ ವಿಳಾಸಕ್ಕೆ ಕಳುಹಿಸಿದೆವು. ಹಳೆಯ ವರದಿಯಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಕರೆಯ ದಾಖಲೆಯನ್ನು ಪರಿಶೀಲಿಸಿದ ಬ್ಯಾಂಕು ತನ್ನ ಮೊದಲ ಉತ್ತರವನ್ನು ಹಿಂಪಡೆದು ಎರಡೂ ಮೊತ್ತಗಳನ್ನು ಖಾತೆಗೆ ಜಮೆ ಮಾಡಿತು. ಹಾಗೆ ಮಾಡದಿದ್ದರೆ, ಅಥವಾ 30 ದಿನಗಳಾದರೂ ಉತ್ತರವೇ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಶುಲ್ಕವಿಲ್ಲದೆ ದೂರು ಕೊಡಬಹುದು. ಬ್ಯಾಂಕಿಗೆ ಮೊದಲು ಬರೆದದ್ದು ಯಾವಾಗ ಎಂದು ಅಲ್ಲಿಯೂ ಕೇಳುತ್ತಾರೆ.

ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ, ಆದ್ದರಿಂದ ಮಿತಿಗಳನ್ನು ತಮ್ಮ ಬ್ಯಾಂಕಿನ ಇಂದಿನ ನೀತಿಯೊಂದಿಗೆ ಹೋಲಿಸಿ ನೋಡಿ. ಈ ವಾರ ಮಕ್ಕಳ ಕೈಯಲ್ಲಿ ಒಂದು ಕೆಲಸ ಮಾಡಿಸಿ. ಮನೆಯಲ್ಲಿರುವ ಪ್ರತಿ ಪಾಸ್‌ಬುಕ್‌ನ ಒಳಹೊದಿಕೆಯ ಮೇಲೆ ಆ ಬ್ಯಾಂಕಿನ ದೂರು ಇ-ಮೇಲ್ ಮತ್ತು ದೂರವಾಣಿ ಸಂಖ್ಯೆಯನ್ನು, ಬ್ಯಾಂಕಿನದೇ ಜಾಲತಾಣ ಅಥವಾ ಶಾಖೆಯ ಸೂಚನಾ ಫಲಕದಿಂದ ನೋಡಿ, ಬರೆದಿಡಲಿ. ಶುಕ್ರವಾರ ಸಂಜೆ ಏಳೂಮುಕ್ಕಾಲಿಗೆ ಅದನ್ನು ಹುಡುಕಲು ಹೊರಟರೆ ತಪ್ಪು ವಿಳಾಸವೇ ಮೊದಲು ಸಿಗುವುದು.